ಎಕ್ಸೆಪ್ಶನ್ ಕ್ಯೂನಲ್ಲಿ ಚೆಕರ್ ಏನು ನೋಡಬೇಕು? ಅನುಭವ ಇರುವವರು ಹೇಳಿ

ಮಡಿಕೇರಿ ಚೆಕರ್
ಬ್ಯಾಂಕಿನ ಬ್ಯಾಕ್ ಆಫೀಸಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 10ರ ಶಿಫ್ಟ್ ನನ್ನದು. ಹೊರಗಿನಿಂದ ಬಂದು ಖಾತೆಗೆ ಜಮಾ ಆಗದ ನೆಫ್ಟ್‌ಗಳು ಕ್ಯೂನಲ್ಲಿ ನಿಂತಿರುತ್ತವೆ. ಮೇಕರ್ ಸರಿಮಾಡಿ ಕಳಿಸುತ್ತಾರೆ, ನಾನು ಪಾಸ್ ಮಾಡಬೇಕು. ಖಾತೆ ನಂಬರನ್ನು ನಾನೇ ಇನ್ನೊಮ್ಮೆ ಟೈಪ್ ಮಾಡಬೇಕಾ, ಅವರ ಎಂಟ್ರಿ ನೋಡಿ ಒಪ್ಪಿದರೆ ಸಾಕಾ? ಇನ್ನೊಂದು, ರಾತ್ರಿ ಇಬ್ಬರೇ ಇರುತ್ತೇವೆ. ನಾನು ರಿಜೆಕ್ಟ್ ಮಾಡಿದ್ದನ್ನು ನಾನೇ ತಿದ್ದಿ ಅವರ ಕೈಯಲ್ಲಿ ಪಾಸ್ ಮಾಡಿಸಿದರೆ ತಪ್ಪಾಗುತ್ತಾ?

ಗೋಣಿಕೊಪ್ಪದ ಅಕ್ಕ
ನಮ್ಮಲ್ಲಿ ಆಗಿದ್ದು ಹೇಳುತ್ತೇನೆ. ಕಾಫಿ ಮಾರಾಟದ ಸಮಯ. ಕುಶಾಲನಗರದ ಒಬ್ಬ ವ್ಯಾಪಾರಿ ಪೊನ್ನಂಪೇಟೆ ಕಡೆಯ ಬೆಳೆಗಾರರೊಬ್ಬರಿಗೆ ರೊಬಸ್ಟಾ ಚೆರ್ರಿಯ ದುಡ್ಡು 1,84,000 ಕಳಿಸಿದ್ದರು. ವ್ಯಾಪಾರಿಯ ಹತ್ತಿರ ಇದ್ದದ್ದು ಹಳೆ ಖಾತೆ ನಂಬರ್. ನಮ್ಮಲ್ಲಿ ಸಾಫ್ಟ್‌ವೇರ್ ಬದಲಾದಾಗ ನಂಬರೆಲ್ಲ ಬದಲಾಗಿತ್ತು, ಹಾಗಾಗಿ ಅದು ಎಕ್ಸೆಪ್ಶನ್‌ಗೆ ಬಂತು. ಹಳೆ ನಂಬರಿಗೆ ಹೊಸ ನಂಬರ್ ಯಾವುದು ಅಂತ ತೋರಿಸುವ ಪಟ್ಟಿ ಸಿಸ್ಟಮ್ಮಿನಲ್ಲೇ ಇದೆ. ಆವತ್ತು ಆ ಪಟ್ಟಿ ತೆರೆಯಲು ತುಂಬಾ ಹೊತ್ತು ಹಿಡಿಯುತ್ತಿತ್ತು. ಮೇಕರ್ ಹುಡುಗ ಹೆಸರು ಹಾಕಿ ಹುಡುಕಿದ. ಒಂದು ಖಾತೆ ಸಿಕ್ಕಿತು, ಹಾಕಿದ.

ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಒಕ್ಕದಲ್ಲಿ ಮನೆಹೆಸರೂ ಒಂದೇ, ಇಟ್ಟ ಹೆಸರೂ ಒಂದೇ ಇರುವವರು ಬೇಕಾದಷ್ಟು ಜನ, ಅಜ್ಜನ ಹೆಸರು ಮೊಮ್ಮಕ್ಕಳಿಗೆ ಬಂದಿರುತ್ತದೆ. ಚೆಕರ್ ಸ್ಕ್ರೀನಿನಲ್ಲಿ ಮೆಸೇಜಿನಲ್ಲಿ ಬಂದ ಹೆಸರು ಒಂದು ಕಡೆ, ಖಾತೆದಾರರ ಹೆಸರು ಒಂದು ಕಡೆ, ಎರಡೂ ಅಕ್ಷರಕ್ಕೆ ಅಕ್ಷರ ಸರಿ. ಪಾಸ್ ಆಯಿತು. ದುಡ್ಡು ಹೋಗಿದ್ದು ಆ ಬೆಳೆಗಾರರ ದಾಯಾದಿಗೆ.

ದಾಯಾದಿಯ ಬೆಳೆಸಾಲ ಬಾಕಿ ಇತ್ತು. ದುಡ್ಡು ಬಿದ್ದ ರಾತ್ರಿಯೇ ಸಿಸ್ಟಮ್ಮು ತಾನಾಗಿ 61,000 ಸಾಲಕ್ಕೆ ಎಳೆದುಕೊಂಡಿತು. ಉಳಿದ 1,23,000 ಯಾರೂ ತೆಗೆಯದ ಹಾಗೆ ಲೀನ್ ಹಾಕಿದೆವು. ಆ 61,000 ವಾಪಸ್ ತೆಗೆಯಲು ಸಾಲದ ವಿಭಾಗದ ಮೇಕರ್ ಬೇಕು, ಅಲ್ಲಿನ ಚೆಕರ್ ಬೇಕು, ಬಡ್ಡಿ ಮತ್ತೆ ಲೆಕ್ಕ ಹಾಕಬೇಕು, ದಾಯಾದಿ ಬೇರೆ ಸಹಿ ಹಾಕಲ್ಲ ಅಂತ ಕೂತರು. ಎಲ್ಲ ಮುಗಿಯುವಾಗ 40 ದಿನ. ತಡವಾದದ್ದಕ್ಕೆ ರೆಪೋ ದರದ ಮೇಲೆ 2 ಪರ್ಸೆಂಟ್ ಸೇರಿಸಿ ಬಡ್ಡಿ ಕೊಡಬೇಕಲ್ಲ, ಆಗ ರೆಪೋ 6.5 ಇತ್ತು, ದಿನಕ್ಕೆ ಸುಮಾರು 43 ರೂಪಾಯಿ, ಒಟ್ಟು 1,714. ಬಡ್ಡಿ ದೊಡ್ಡದಲ್ಲ. ಮೆಮೋ ಮಾತ್ರ ಚೆಕರ್ ಹೆಸರಿಗೇ ಬಂತು. ಮೇಕರ್‌ಗೆ ಬಾಯಲ್ಲಿ ಬೈದು ಬಿಟ್ಟರು. ಪಟ್ಟಿ ತೆರೆಯುತ್ತಿಲ್ಲ ಅಂತ ದೂರು ಕೊಟ್ಟಿದ್ದನ್ನು ಯಾರೂ ಕೇಳಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಶಿಫ್ಟ್ ಲೀಡ್ 88
ಅದಕ್ಕೇ ನಮ್ಮಲ್ಲಿ ಕುರುಡು ಟೈಪಿಂಗ್ ಇಟ್ಟಿದ್ದೇವೆ. ಮೇಕರ್ ಹಾಕಿದ ನಂಬರ್, ಮೊತ್ತ ಎರಡೂ ಚೆಕರ್‌ಗೆ ಕಾಣಲ್ಲ. ಅವನೇ ಪೂರ್ತಿ ಟೈಪ್ ಮಾಡಬೇಕು, ಹೊಂದದಿದ್ದರೆ ಸಿಸ್ಟಮ್ಮು ಬಿಡಲ್ಲ. ಇದನ್ನು ತರಲು ಮೇಲಿನವರ ಹತ್ತಿರ ಎಷ್ಟು ಜಗಳ ಆಡಿದ್ದೇನೆ ಗೊತ್ತಾ, ಐಟಂ ಒಂದಕ್ಕೆ ಸಮಯ ದುಪ್ಪಟ್ಟಾಗುತ್ತದೆ ಅಂತ ಒಪ್ಪಿರಲಿಲ್ಲ. ಬಂದ ಮೇಲೆ ಅಂಕೆ ಅದಲುಬದಲಾದ ಒಂದು ಕೇಸೂ ನಮ್ಮಲ್ಲಿ ಆಚೆ ಹೋಗಿಲ್ಲ. ಸುಮ್ನೆ ನೋಡಿ ಒಪ್ಪುವುದನ್ನು ಚೆಕಿಂಗ್ ಅಂತ ಕರೆಯಲೇಬಾರದು.

ಗೋಣಿಕೊಪ್ಪದ ಅಕ್ಕ
ನೀವು ನನ್ನ ಕೇಸು ಓದಲೇ ಇಲ್ಲ. ಅಲ್ಲಿ ಅಂಕೆ ತಪ್ಪಿರಲಿಲ್ಲ ಸರ್. ಮೇಕರ್ ಸ್ಕ್ರೀನ್‌ಶಾಟ್ ಲಗತ್ತಿಸಿದ್ದ, ಅದನ್ನು ನೋಡಿ ಚೆಕರ್ ಟೈಪ್ ಮಾಡಿದ್ದರೆ ಅದೇ ತಪ್ಪು ಖಾತೆ ಎರಡನೇ ಸಲವೂ ಸರಿಯಾಗಿಯೇ ಬೀಳುತ್ತಿತ್ತು.

ಶಿಫ್ಟ್ ಲೀಡ್ 88
ಸ್ಕ್ರೀನ್‌ಶಾಟ್ ನೋಡಿ ಟೈಪ್ ಮಾಡು ಅಂತ ನಾನು ಎಲ್ಲಿ ಹೇಳಿದೆ? ನಿಮ್ಮ ಆಫೀಸಿನ ಅವ್ಯವಸ್ಥೆಗೆ ನನ್ನ ಪದ್ಧತಿಯನ್ನು ಬೈಯಬೇಡಿ.

ವಿರಾಜಪೇಟೆ ನಿವೃತ್ತ
ಇಬ್ಬರೂ ಸ್ವಲ್ಪ ನಿಲ್ಲಿಸಿ. ಟೈಪ್ ಮಾಡಿದರೆ ಕೈತಪ್ಪು ಸಿಗುತ್ತದೆ. ಹುಡುಕಿದ ದಾರಿಯೇ ತಪ್ಪಾಗಿದ್ದರೆ ಸಿಗಲ್ಲ. ನಾನು ಚೆಕರ್ ಆಗಿದ್ದಾಗ ಮೇಕರ್ ಎಂಟ್ರಿಯನ್ನು ಕೊನೆಗೆ ತೆರೆಯುತ್ತಿದ್ದೆ. ಮೊದಲು ಆ ವಹಿವಾಟಿನ ಯುಟಿಆರ್ ನಂಬರ್ ಹಾಕಿ ಮೂಲ ಮೆಸೇಜ್ ತೆಗೆಯುವುದು. ಅದರಲ್ಲಿ ಬಂದ ಖಾತೆ ನಂಬರ್ ಕಾಗದದಲ್ಲಿ ಬರೆದುಕೊಳ್ಳುವುದು. ಆ ನಂಬರಿಂದ ಹಳೆ-ಹೊಸ ಪಟ್ಟಿಗೆ ನಾನೇ ಹೋಗುವುದು. ಅಲ್ಲಿ ಸಿಕ್ಕ ಖಾತೆ ಯಾವುದು ಅಂತ ತೀರ್ಮಾನಿಸಿದ ಮೇಲೆ ಮೇಕರ್ ಏನು ಹಾಕಿದ್ದಾನೆ ಅಂತ ನೋಡುವುದು. ಮೊದಲೇ ಅವನ ಉತ್ತರ ನೋಡಿಬಿಟ್ಟರೆ ನಮ್ಮ ಕಣ್ಣು ಅದಕ್ಕೆ ಸಾಕ್ಷಿ ಹುಡುಕುತ್ತದೆ ಅಷ್ಟೆ.

ಹೆಸರು ಹೊಂದಿತು ಅಂತ ಖಾತೆ ಆರಿಸುವ ಹಾಗೇ ಇಲ್ಲ. ನೆಫ್ಟ್‌ನಲ್ಲಿ ಜಮಾ ಆಗುವುದು ಖಾತೆ ನಂಬರಿನ ಮೇಲೆ. ಪಟ್ಟಿಯಲ್ಲಿ ನಂಬರ್ ಸಿಗಲಿಲ್ಲವಾ, ಬ್ಯಾಚ್ ಮುಗಿದು ಎರಡು ಗಂಟೆಯೊಳಗೆ ಕಳಿಸಿದ ಬ್ಯಾಂಕಿಗೆ ರಿಟರ್ನ್. ಊಹೆ ಮಾಡಿ ಜಮಾ ಮಾಡುವುದಕ್ಕಿಂತ ರಿಟರ್ನ್ ಎಷ್ಟೋ ವಾಸಿ.

ಸೋಮವಾರಪೇಟೆ ತೋಟ
ರಿಟರ್ನ್ ವಾಸಿ ಅಂತೀರಲ್ಲ, ಅನುಭವಿಸಿದವನು ನಾನು. ಮೆಣಸಿನ ದುಡ್ಡು ಪದೇ ಪದೇ ವಾಪಸ್ ಹೋಯಿತು. ಶನಿವಾರ ಆಳುಗಳಿಗೆ ಬಟವಾಡೆ ಕೊಡಬೇಕು, ಖಾತೆಯಲ್ಲಿ ದುಡ್ಡಿಲ್ಲ, ಕೈಸಾಲ ಮಾಡಿ ಕೊಟ್ಟೆ. ಎರಡು ಕಣ್ಣು ಸರಿಯಾಗಿ ನೋಡಿದರೆ ಸಾಲದಾ, ನಾಲ್ಕು ಯಾಕೆ ಬೇಕು? ಬ್ಯಾಂಕಿನವರಿಗೆ ತಮ್ಮ ಮೆಮೋ ಚಿಂತೆ, ನಮಗೆ ಹೊಟ್ಟೆ ಚಿಂತೆ.

ಗೋಣಿಕೊಪ್ಪದ ಅಕ್ಕ
ಅಣ್ಣ, ನಿಮ್ಮ ಮೆಣಸಿನ ದುಡ್ಡು ನಿಮ್ಮ ದಾಯಾದಿ ಸಾಲಕ್ಕೆ ಹೋಗಿದ್ದರೆ ಹೀಗೆ ಮಾತಾಡುತ್ತಿದ್ದಿರಾ? ವ್ಯಾಪಾರಿಗೆ ಹೊಸ ಖಾತೆ ನಂಬರ್ ಕೊಟ್ಟಿದ್ದೀರಾ ಮೊದಲು ನೋಡಿಕೊಳ್ಳಿ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ಸೇರಿತು, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ಇನ್ನೂ ಹಳೆ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಕೊಡುವವರಿದ್ದಾರೆ.

ಸೋಮವಾರಪೇಟೆ ತೋಟ
ನನ್ನ ಪಾಸ್‌ಬುಕ್ ಹೊಸದೇ. ನೋಡದೆ ಮಾತಾಡಬೇಡಿ ಮೇಡಂ. ಮನೆಹೆಸರು ಮುಂದೆ ಬರೆದರೆ ನಿಮ್ಮವರಿಗೆ ಅರ್ಥವಾಗಲ್ಲ, ಅಷ್ಟೇ ವಿಷಯ.

ಶಿಫ್ಟ್ ಲೀಡ್ 88
ಈಗ ಹೆಸರಿನ ತಲೆನೋವೇ ಇಲ್ಲ. 2025ರ ಏಪ್ರಿಲ್‌ನಿಂದ ಕಳಿಸುವವರಿಗೇ ಖಾತೆದಾರರ ಹೆಸರು ತೋರಿಸುವ ಸೌಲಭ್ಯ ಬಂದಿದೆ.

ವಿರಾಜಪೇಟೆ ನಿವೃತ್ತ
ಅದು ಕಳಿಸುವ ಕಡೆಯವರಿಗೆ. ಒಳಗೆ ಬಂದು ನಿಂತ ಐಟಮ್ಮಿನಲ್ಲಿ ನಿಮ್ಮ ಮೇಕರ್ ಖಾತೆ ಬದಲಾಯಿಸಿದರೆ ಅದು ನೋಡಲು ಬರಲ್ಲ. ಒಂದೇ ಹೆಸರಿನ ಇಬ್ಬರಿದ್ದರೆ ಅಲ್ಲೂ ಹೆಸರು ಸರಿ ಅಂತಲೇ ಕಾಣುತ್ತದೆ.

ಕೇಳಿದವರ ಎರಡನೇ ವಿಷಯವನ್ನು ಯಾರೂ ಮುಟ್ಟಲೇ ಇಲ್ಲ. ನಮ್ಮಲ್ಲಿ ಇದೇ ದೊಡ್ಡ ರಂಧ್ರವಾಗಿತ್ತು. ಒಂದೇ ಐಡಿಯಿಂದ ಎಂಟ್ರಿಯೂ ಪಾಸೂ ಆಗದ ಹಾಗೆ ಸಿಸ್ಟಮ್ಮು ತಡೆಯುತ್ತದೆ, ನಿಜ. ಆದರೆ ಚೆಕರ್ ರಿಜೆಕ್ಟ್ ಮಾಡಿದ ತಕ್ಷಣ ಐಟಂ ಹೊಸದರ ಹಾಗೆ ಕ್ಯೂಗೆ ಬರುತ್ತಿತ್ತು. ಮೊದಲಿನ ಚೆಕರ್ ಅದನ್ನು ತಿದ್ದುತ್ತಾನೆ, ಮೊದಲಿನ ಮೇಕರ್ ಪಾಸ್ ಮಾಡುತ್ತಾನೆ. ಸಿಸ್ಟಮ್ಮಿಗೆ ಎರಡು ಐಡಿ ಕಂಡಿತು, ಸಂತೋಷ. ಆದರೆ ಆ ಐಟಂ ಬಗ್ಗೆ ಹೊಸದಾಗಿ ಯೋಚಿಸಿದ ಮನುಷ್ಯ ಒಬ್ಬನೂ ಇಲ್ಲ. ಮೇಕರ್‌ಗೆ ತನ್ನದು ತಿದ್ದಿಸಿಕೊಂಡು ಮುಗಿದರೆ ಸಾಕು ಅನ್ನಿಸಿರುತ್ತದೆ. ತಿದ್ದಿದವನು ತನಗಿಂತ ಸೀನಿಯರ್ ಆಗಿದ್ದರಂತೂ ಅವನು ಪ್ರಶ್ನೆ ಕೇಳಲ್ಲ.

ನಾನು ಹಟ ಹಿಡಿದು ಆಡಿಟ್ ಟ್ರೇಲಿನಲ್ಲಿ ಎಲ್ಲ ಸುತ್ತಿನ ಐಡಿಗಳೂ ಪಾಸ್ ಮಾಡುವ ಸ್ಕ್ರೀನಿನಲ್ಲೇ ಕಾಣುವ ಹಾಗೆ ಮಾಡಿಸಿದೆ. ಯಾವ ಸುತ್ತಿನಲ್ಲಾದರೂ ಮುಟ್ಟಿದವನು ಪಾಸ್ ಮಾಡುವ ಹಾಗಿಲ್ಲ. ಇಬ್ಬರೇ ಇರುವ ರಾತ್ರಿ ಅಂಥದ್ದನ್ನು ಜಮಾ ಮಾಡುವ ಹಾಗೇ ಇಲ್ಲ, ಎರಡು ಗಂಟೆ ಮುಗಿಯುವ ಮೊದಲು ರಿಟರ್ನ್. ಅದಕ್ಕೂ ಮೇಕರ್-ಚೆಕರ್ ಬೇಕು, ಆದರೆ ಬಂದ ದಾರಿಯಲ್ಲೇ ವಾಪಸ್ ಹೋಗುವುದರಿಂದ ಬೇರೆಯವರ ಖಾತೆಗೆ ಬೀಳುವ ಭಯ ಇಲ್ಲ.

ಶಿಫ್ಟ್ ಲೀಡ್ 88
ಇಬ್ಬರೇ ಇರುವ ಶಿಫ್ಟ್‌ನಲ್ಲಿ ಇದೆಲ್ಲ ಹೇಳಲು ಚೆಂದ ಸರ್. 2019ರ ಡಿಸೆಂಬರ್‌ನಿಂದ ನೆಫ್ಟ್ ಹಗಲು ರಾತ್ರಿ ಓಡುತ್ತಿದೆ, ಅರ್ಧ ಗಂಟೆಗೊಂದು ಬ್ಯಾಚ್. ನಿಮ್ಮ ಕಾಲದಲ್ಲಿ ಸಂಜೆ ಬಾಗಿಲು ಹಾಕಿ ಮನೆಗೆ ಹೋಗುತ್ತಿದ್ದಿರಿ.

ವಿರಾಜಪೇಟೆ ನಿವೃತ್ತ
ನಾನು ರಾತ್ರಿ ಶಿಫ್ಟ್ ಮಾಡಿಯೇ ನಿವೃತ್ತನಾದವನು. ಮಾತು ಅಳೆದು ಆಡಿ.

ಜುಲೈ ಮಳೆಗೆ ಲಿಂಕ್ ಹೋದಾಗ ಆಗಿದ್ದು ಕೇಳಿ. 96,500ರ ಒಂದು ಐಟಂ. ಗ್ರಾಹಕರ ಒಪ್ಪಿಗೆ ಪತ್ರ ಬಂದಿದ್ದರಿಂದ ಮಧ್ಯಾಹ್ನದ ಶಿಫ್ಟ್‌ನವರು ಜಮಾ ಆಗದ ದುಡ್ಡು ನಿಲ್ಲುವ ಸಸ್ಪೆನ್ಸ್ ಖಾತೆಯಿಂದ ಕೈಯಾರೆ ವೌಚರ್ ಹಾಕಿ ಜಮಾ ಮಾಡಿದರು. ಕ್ಯೂನಲ್ಲಿ ಅದನ್ನು ಮುಚ್ಚುವ ಹೊತ್ತಿಗೆ ಲಿಂಕ್ ಕಟ್. ರಾತ್ರಿಯವರಿಗೆ ಅದು ಪೆಂಡಿಂಗ್ ಅಂತಲೇ ಕಂಡಿತು. ಮೇಕರ್ ಎಂಟ್ರಿ ಹಾಕಿದ, ಚೆಕರ್ ಕ್ಯೂ ಮೂಲಕ ಪಾಸ್ ಮಾಡಿದ, ಇಬ್ಬರೂ ಸರಿಯಾಗಿಯೇ ನೋಡಿದ್ದರು. ಎರಡು ಸಲ ಜಮಾ. ಬೆಳಿಗ್ಗೆ ಸಸ್ಪೆನ್ಸ್ ಖಾತೆ ಉಲ್ಟಾ ಡೆಬಿಟ್ ಬಾಕಿ ತೋರಿಸಿದಾಗ ಗೊತ್ತಾಯಿತು. ಆಮೇಲೆ ನಮ್ಮ ನಿಯಮ ಇದು: ಕ್ಯೂ ಏನು ಹೇಳುತ್ತದೆ ಅಂತ ನಂಬಬೇಡಿ. ಪಾಸ್ ಮಾಡುವ ಮೊದಲು ಸಸ್ಪೆನ್ಸ್ ಲೆಡ್ಜರಿನಲ್ಲಿ ಆ ಯುಟಿಆರ್ ಹುಡುಕಿ, ಅದರ ದುಡ್ಡು ಇನ್ನೂ ಅಲ್ಲೇ ಇದೆಯಾ ನೋಡಿ. ಇಲ್ಲ ಅಂದರೆ ಯಾರೋ ಆಗಲೇ ತೆಗೆದಿದ್ದಾರೆ. ಶಿಫ್ಟ್ ಬದಲಾಗುವಾಗ ಲೆಡ್ಜರ್ ಬಾಕಿ ಮತ್ತು ಕ್ಯೂ ಮೊತ್ತ ಎರಡೂ ತಾಳೆಯಾಗದೆ ಯಾರೂ ಎದ್ದು ಹೋಗುತ್ತಿರಲಿಲ್ಲ. ಬಸ್ ತಪ್ಪಿದ್ದೂ ಇದೆ.

ಶಿಫ್ಟ್ ಲೀಡ್ 88
ಲೆಡ್ಜರ್ ನೋಡುವುದು ಒಪ್ಪುತ್ತೇನೆ. ಎಲ್ಲ ಐಟಮ್ಮಿಗೂ ಆಗಲ್ಲ. ನಾವು ದೊಡ್ಡ ಮೊತ್ತಕ್ಕೆ ಮಾತ್ರ ಮಾಡುತ್ತೇವೆ.

ಗೋಣಿಕೊಪ್ಪದ ಅಕ್ಕ
ಕೂಲಿಯವನ 9,000 ತಪ್ಪಿ ಹೋದರೆ ಅದು ಅವನಿಗೆ ದೊಡ್ಡ ಮೊತ್ತ ಅಲ್ವಾ? ಮೊತ್ತ ನೋಡಿ ಚೆಕಿಂಗ್ ಮಾಡುವುದು ನನಗೆ ಯಾವತ್ತೂ ಒಪ್ಪಿಗೆಯಿಲ್ಲ.

ಶಿಫ್ಟ್ ಲೀಡ್ 88
ಒಪ್ಪಿಗೆ ಇಲ್ಲದಿದ್ದರೆ ಇನ್ನೊಬ್ಬ ಮನುಷ್ಯನನ್ನು ಕೊಡಿಸಿ. ಅದೊಂದನ್ನು ಯಾರೂ ಕೊಡಲ್ಲ.

ಮಡಿಕೇರಿ ಚೆಕರ್
ಎಲ್ಲರಿಗೂ ಧನ್ಯವಾದ. ನಿವೃತ್ತ ಸರ್, ನಮ್ಮ ಪಾಸ್ ಸ್ಕ್ರೀನಿನಲ್ಲಿ ಕೊನೆಯ ಮೇಕರ್ ಐಡಿ ಒಂದೇ ಕಾಣುತ್ತದೆ, ಹಿಂದಿನ ಸುತ್ತುಗಳು ಕಾಣಲ್ಲ. ಹಿಂದಿನವರು ಯಾರು ಅಂತ ನೋಡಲು ರಿಪೋರ್ಟ್ ತೆಗೆಯಬೇಕು, ಅದು ಮರುದಿನ ಬೆಳಿಗ್ಗೆಯೇ ಬರುತ್ತದೆ. ಅಲ್ಲಿಯವರೆಗೆ ಕೈಬರಹದ ರಿಜಿಸ್ಟರ್ ಇಡಬಹುದಾ? ಇನ್‌ಸ್ಪೆಕ್ಷನ್‌ನವರು ಅದನ್ನು ಒಪ್ಪುತ್ತಾರಾ?

ವಿರಾಜಪೇಟೆ ನಿವೃತ್ತ
ಇಡಿ. ರಿಜೆಕ್ಟ್ ಆದ ಪ್ರತಿ ಐಟಮ್ಮಿನ ಯುಟಿಆರ್, ಸಮಯ, ಇಬ್ಬರ ಸಹಿ ಇರಲಿ. ನಮ್ಮಲ್ಲಿ ಒಪ್ಪಿದ್ದರು, ನಿಮ್ಮಲ್ಲಿ ಮ್ಯಾನೇಜರ್ ಕೈಯಲ್ಲಿ ಮೊದಲೇ ಬರೆಸಿಟ್ಟುಕೊಳ್ಳಿ.

ಸೋಮವಾರಪೇಟೆ ತೋಟ
ರಿಜಿಸ್ಟರ್ ಬರೆಯುತ್ತಾ ಕೂತರೆ ನಮ್ಮ ದುಡ್ಡು ಯಾವಾಗ ಬರುವುದು? ಯಾಕೆ ವಾಪಸ್ ಹೋಯಿತು ಅಂತ ಕಾರಣವನ್ನಾದರೂ ಒಂದು ಮೆಸೇಜಿನಲ್ಲಿ ತಿಳಿಸಿ, ಅದಕ್ಕೆ ಇಲ್ಲಿ ಯಾರೂ ಉತ್ತರ ಹೇಳಲಿಲ್ಲ.