ರಿಮೋಟ್ ಲಾಗಿನ್ ನೋಟಿಸ್ ಅಂಟಿಸಬೇಕು, ಲಾಗ್‌ನಲ್ಲಿ ಎಲ್ಲರದ್ದೂ ಒಂದೇ ಐಪಿ!

ಲೆಕ್ಕದ_ಮನೆ (ದಾವಣಗೆರೆ)
ತಲೆ ಕೆಟ್ಟು ಹೋಗಿದೆ. ನಮ್ಮದು ಚಿಕ್ಕ ಟ್ಯಾಕ್ಸ್ ಆಫೀಸು. ಕೆಲವರು ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬಂದು ಟ್ಯಾಲಿ ನೋಡುತ್ತಾರೆ. ಸಾಹೇಬರು ಬರೆದುಕೊಟ್ಟ ನೋಟಿಸ್ ಇದು:

"ಹೊರಗಿನಿಂದ ಲಾಗಿನ್ ಆಗಲು ಪಟ್ಟಿಯಲ್ಲಿರುವ ನಾಲ್ವರಿಗೆ ಮಾತ್ರ ಅನುಮತಿ. ಸ್ವಂತ ಮನೆಯ ಇಂಟರ್ನೆಟ್‌ನಿಂದ ಮಾತ್ರ ಬರಬೇಕು. ಯಾರು, ಯಾವಾಗ, ಎಲ್ಲಿಂದ ಬಂದರು ಎಂಬ ದಾಖಲೆಯನ್ನು 180 ದಿನ ಇಡಲಾಗುವುದು."

ಅಂಟಿಸುವ ಮೊದಲು ಲಾಗ್ ತೆಗೆದು ನೋಡಿದೆ. ನಾಲ್ವರೂ `192.168.10.5` ನಿಂದ ಬಂದಿದ್ದಾರಂತೆ! ಒಬ್ಬರು ಹರಿಹರ, ಒಬ್ಬರು ಚಿತ್ರದುರ್ಗ. ಏನ್ರೀ ಇದು?

ಪೋರ್ಟ್_ಪರಮೇಶಿ
ಸಿಜಿನ್ಯಾಟ್ ಸಾರ್, ಬೇರೇನಲ್ಲ. ಇಂಟರ್ನೆಟ್ ಕಂಪನಿಯವರು ನೂರಾರು ಮನೆಗೆ ಒಂದೇ ಐಪಿ ಕೊಡ್ತಾರೆ. ಸ್ಟ್ಯಾಟಿಕ್ ಐಪಿ ತಗೊಳ್ಳಿ.

ಲೆಕ್ಕದ_ಮನೆ
ಆಫೀಸಿಗೆ ಸ್ಟ್ಯಾಟಿಕ್ ಇದೆ.

ಪೋರ್ಟ್_ಪರಮೇಶಿ
ಹಾಗಾದ್ರೆ ನಾಲ್ವರ ಮನೆಗೂ ಹಾಕಿಸಿ. ಜೊತೆಗೆ 3389 ಪೋರ್ಟ್ ಬದಲಾಯಿಸಿ.

ಮಲೆನಾಡ್_ರ‍್ಯಾಕ್
ನಾನು ಮನೆಯಲ್ಲೇ ಮೈಕ್ರೋಟಿಕ್, ಎರಡು ಲೈನು, ಯುಪಿಎಸ್ ಎಲ್ಲ ಇಟ್ಟಿದ್ದೇನೆ. ಕರೆಂಟ್ ಹೋದ್ರೂ ನನ್ನ ಲಾಗ್ ನಿಲ್ಲಲ್ಲ. ಫೋಟೋ ಹಾಕ್ಲಾ?

ಶರಾವತಿ
ಬೇಡ ಮಾರಾಯ್ರೆ. ಪರಮೇಶಿ ಅವರೇ, ಸಿಜಿನ್ಯಾಟ್ ವಿಳಾಸ ಸಾಮಾನ್ಯವಾಗಿ 100.64 ರಿಂದ 100.127ರ ಒಳಗೆ ಇರುತ್ತದೆ. ಇದು ಆಫೀಸ್ ಒಳಗಿನದೇ ವಿಳಾಸ. ಲೆಕ್ಕದವರೇ, .5 ಯಾವ ಡಬ್ಬ?

ಲೆಕ್ಕದ_ಮನೆ
ಅದು ರಾಸ್ಪ್‌ಬೆರಿ ಪೈ. ವೈರ್‌ಗಾರ್ಡ್ ಅದರಲ್ಲೇ ಇದೆ. ಎಲ್ಲರೂ ಅದರ ಮೂಲಕವೇ ಬರೋದು. ಅದಕ್ಕೂ ಇದಕ್ಕೂ ಏನು ಸಂಬಂಧ?

ಶರಾವತಿ
ಸಂಬಂಧ ಅಲ್ಲೇ ಇರೋದು! ಪೈನಲ್ಲಿ `wg0.conf` ತೆಗೆದು ನೋಡಿ. ಈ ಸಾಲು ಇದೆಯಾ?

```
PostUp = iptables -t nat -A POSTROUTING -o eth0 -j MASQUERADE
```

ಇದ್ದರೆ ಒಳಗೆ ಬರುವ ಎಲ್ಲರಿಗೂ ಪೈ ತನ್ನ ವಿಳಾಸವನ್ನೇ ಹಚ್ಚಿ ಕಳಿಸುತ್ತದೆ. ವಿಂಡೋಸ್‌ಗೆ ಕಾಣೋದು ಪೈ ಒಂದೇ. ಅದನ್ನೂ ಅದರ PostDown ಸಾಲನ್ನೂ ತೆಗೆಯಿರಿ. ಆದರೆ ಮೊದಲು `wg-quick down wg0` ಕೊಟ್ಟು, ಆಮೇಲೆ ಫೈಲ್ ತಿದ್ದಿ, ಮತ್ತೆ `up` ಮಾಡಿ. ಮೊದಲೇ ತಿದ್ದಿದರೆ ಹಳೆ ರೂಲ್ ಅಳಿಸೋರು ಯಾರೂ ಇರಲ್ಲ, ಪೈ ರೀಬೂಟ್ ಆಗೋ ತನಕ ಹಾಗೇ ಕೂತಿರುತ್ತೆ.

ಇಷ್ಟೇ ಮಾಡಿದರೆ ಕನೆಕ್ಷನ್ ನಿಂತುಹೋಗುತ್ತೆ, ಗಾಬರಿಯಾಗಬೇಡಿ. ಉತ್ತರ ಯಾವ ಕಡೆ ಕಳಿಸಬೇಕು ಅಂತ ಟ್ಯಾಲಿ ಕಂಪ್ಯೂಟರ್‌ಗೆ ಗೊತ್ತಿರಲ್ಲ. ಅದರಲ್ಲಿ ಅಡ್ಮಿನ್ ಪ್ರಾಂಪ್ಟ್ ತೆರೆದು:

```
route -p add 10.8.0.0 mask 255.255.255.0 192.168.10.5
```

ನಿಮ್ಮ ವೈರ್‌ಗಾರ್ಡ್ ವಿಳಾಸ ಬೇರೆ ಇದ್ದರೆ ಅದನ್ನು ಹಾಕಿ.

ಲೆಕ್ಕದ_ಮನೆ
ಬಂತು! ಈಗ 10.8.0.2, 10.8.0.4 ಅಂತ ಬೇರೆ ಬೇರೆ ತೋರಿಸ್ತಿದೆ. ಆದ್ರೆ ಯೂಸರ್ ಹೆಸರು ಮಾತ್ರ ಎಲ್ಲರಿಗೂ accounts ಅಂತಲೇ ಬರುತ್ತೆ. ನಾವು ಮೊದಲಿಂದಲೂ ಅದೊಂದೇ ಬಳಸೋದು.

ಶರಾವತಿ
ಅಯ್ಯೋ. ಹಾಗಿದ್ದರೆ ನೋಟಿಸಿನ "ಯಾರು" ಅನ್ನೋದಕ್ಕೆ ನಿಮ್ಮ ಹತ್ತಿರ ವೈರ್‌ಗಾರ್ಡ್ ಕೀ ಒಂದೇ ಸಾಕ್ಷಿ. ನಾಲ್ವರಿಗೂ ಬೇರೆ ವಿಂಡೋಸ್ ಯೂಸರ್ ಮಾಡಿ, ರಿಮೋಟ್ ಡೆಸ್ಕ್‌ಟಾಪ್ ಯೂಸರ್ಸ್ ಗುಂಪಿಗೆ ಅವರನ್ನಷ್ಟೇ ಸೇರಿಸಿ. accounts ಅಲ್ಲಿಂದಲೂ ಹೋಗಲಿ, ಅಡ್ಮಿನ್ ಗುಂಪಿನಲ್ಲಿದ್ದರೆ ಅಲ್ಲಿಂದಲೂ ಹೋಗಲಿ.

ಇನ್ನೊಂದು, 180 ದಿನ ಅಂತ ಬರೆದಿದ್ದೀರಿ. ಸೆಕ್ಯುರಿಟಿ ಲಾಗ್‌ಗೆ ಸಾಮಾನ್ಯವಾಗಿ ಸಿಗೋದು 20 ಎಂಬಿ. ತುಂಬಿದ ಮೇಲೆ ಹಳೆಯದರ ಮೇಲೆಯೇ ಬರೆಯುತ್ತೆ. ಅದರಲ್ಲಿರೋ ಮೊದಲ ಎಂಟ್ರಿಯ ತಾರೀಕು ನೋಡಿ, ಗೊತ್ತಾಗುತ್ತೆ. ಒಂದು ಜಿಬಿ ಮಾಡಲು:

```
wevtutil sl Security /ms:1073741824
```

ತಿಂಗಳಿಗೊಮ್ಮೆ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಡಿ. ಅಡ್ಮಿನ್ ಪಾಸ್‌ವರ್ಡ್ ಇರೋರು ಇಲ್ಲಿ ಲಾಗ್ ಅಳಿಸಬಹುದು.

ಪೋರ್ಟ್_ಪರಮೇಶಿ
180 ದಿನ ಎಲ್ಲ ದೊಡ್ಡ ಕಂಪನಿಗಳಿಗೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನ ಆದೇಶದಲ್ಲಿ ಹೇಳಿದ್ದು ಸಣ್ಣ ಆಫೀಸಿಗಲ್ಲ.

ಶರಾವತಿ
ಅದರಲ್ಲಿ "ಬಾಡಿ ಕಾರ್ಪೊರೇಟ್" ಅಂತಿದೆ. ಐಟಿ ಕಾಯ್ದೆಯ 43ಎ ನೋಡಿ, ಆ ಪದಕ್ಕೆ ಪಾರ್ಟ್ನರ್‌ಶಿಪ್ ಫರ್ಮೂ ಸೇರುತ್ತೆ.

ಪೋರ್ಟ್_ಪರಮೇಶಿ
43ಎ ಡೇಟಾ ಪರಿಹಾರದ ವಿಷಯ. ಆ ಅರ್ಥವನ್ನ ಇಲ್ಲಿಗೆ ಎಳೆದು ತರೋಕಾಗಲ್ಲ.

ಶರಾವತಿ
ವಕೀಲರನ್ನ ಕೇಳಲಿ ಬಿಡಿ. ಡಿಸ್ಕ್ ಏನು ದುಬಾರಿಯಲ್ಲ, ಅಲ್ವಾ?

ಲೆಕ್ಕದ_ಮನೆ
ಜಗಳ ಆಮೇಲೆ. "ಮನೆಯಿಂದ ಮಾತ್ರ" ಅನ್ನೋದನ್ನ ಹೇಗೆ ಹಿಡಿಯೋದು? 10.8.0.4 ನೋಡಿದ್ರೆ ಆಳು ಗೊತ್ತಾಗುತ್ತೆ, ಊರು ಗೊತ್ತಾಗಲ್ಲ.

ಶರಾವತಿ
ಪೈನಲ್ಲಿ `wg show wg0 endpoints` ಕೊಟ್ಟರೆ ಹೊರಗಿನ ಐಪಿ ಕಾಣುತ್ತೆ. ಆದರೆ ಕೊನೆಯದು ಮಾತ್ರ, ಹಳೆಯದನ್ನ ಅದು ಇಡಲ್ಲ. ಐದು ನಿಮಿಷಕ್ಕೊಮ್ಮೆ ತಾರೀಕು ಸಮೇತ ಫೈಲಿಗೆ ಬರೆಯೋ ಹಾಗೆ ಕ್ರಾನ್ ಹಾಕಿ. ಆಗಲೂ ಗೊತ್ತಾಗೋದು ಯಾವ ಕಂಪನಿಯ ಲೈನು ಅಂತ, ಮನೆಯೋ ಹೋಟೆಲೋ ಅಂತಲ್ಲ. ಆ ಸಾಲನ್ನ "ಆಫೀಸ್ ಕೊಟ್ಟ ಲ್ಯಾಪ್‌ಟಾಪ್‌ನಿಂದ ಮಾತ್ರ" ಅಂತ ಮಾಡಿ, ಕೀ ಅದರಲ್ಲಷ್ಟೇ ಇರಲಿ.

ಲೆಕ್ಕದ_ಮನೆ
ಸಾಹೇಬರು ಒಪ್ಪುತ್ತಿಲ್ಲ. ಮನೆ ಅಂದ್ರೆ ಮನೆಯೇ ಅಂತೆ. ಹರಿಹರದವರ ಮನೆಯಲ್ಲಿ ಇರೋದೇ ಮೊಬೈಲ್ ಹಾಟ್‌ಸ್ಪಾಟು!

ಮಲೆನಾಡ್_ರ‍್ಯಾಕ್
ರ‍್ಯಾಕ್ ಫೋಟೋ ಹಾಕಿದ್ದೀನಿ, ನೋಡಿ. ಕೇಬಲ್ ಎಲ್ಲ ನಾನೇ ಕ್ರಿಂಪ್ ಮಾಡಿದ್ದು.