ವೇಗದ ಕಂಪ್ಯೂಟರಿನಲ್ಲಿ ನನ್ನ ಗೇಮಿನ ಹುಡುಗ ದೌಡಾಯಿಸುತ್ತಾನೆ: ಅನುಭವ ಇದ್ದವರು ಹೇಳಿ

ಹೊಸಹೆಜ್ಜೆ: ಪೈಗೇಮ್‌ನಲ್ಲಿ ಚಿಕ್ಕ ಗೇಮ್ ಬರೆಯುತ್ತಿದ್ದೇನೆ. ಬಲ ಬಾಣದ ಕೀ ಒತ್ತಿದರೆ `player.x += 5`, ಎಡಕ್ಕೆ `player.x -= 5`. ನನ್ನ ಲ್ಯಾಪ್‌ಟಾಪಿನಲ್ಲಿ 60 ಎಫ್‌ಪಿಎಸ್ ಬರುತ್ತದೆ, ನಡಿಗೆ ಸರಿಯಾಗಿದೆ. ಅಣ್ಣನ ಕಂಪ್ಯೂಟರಿನಲ್ಲಿ 144 ಬರುತ್ತದೆ, ಅಲ್ಲಿ ಹುಡುಗ ಕ್ಷಣದಲ್ಲಿ ಪರದೆ ದಾಟಿಬಿಡುತ್ತಾನೆ. ನಿಮಗೂ ಹೀಗಾಗಿತ್ತೇ? ಹೇಗೆ ಸರಿಮಾಡಿದಿರಿ?

ರಾತ್ರಿಪಾಳಿ: ನನಗೂ ಆಗಿತ್ತು. ಲೂಪಿನ ಕೊನೆಗೆ `clock.tick(60)` ಹಾಕಿ. ಯಾವ ಕಂಪ್ಯೂಟರೂ 60 ದಾಟುವುದಿಲ್ಲ, ಅಲ್ಲಿಗೆ ಮುಗಿಯಿತು. ಎರಡು ಗೇಮ್ ಹೀಗೇ ಮಾಡಿದ್ದೇನೆ.

ಹಳೇಪೆಟ್ಟಿಗೆ: ಇದು ಹಳೆಯ ಕಾಯಿಲೆ. ನನ್ನ ಹತ್ತಿರ ಇರುವ ಡಾಸ್ ಕಾಲದ ಗೇಮುಗಳೂ ಈಗಿನ ಕಂಪ್ಯೂಟರಿನಲ್ಲಿ ಆಡಲಾಗದಷ್ಟು ವೇಗವಾಗಿ ಓಡುತ್ತವೆ. ಡಾಸ್‌ಬಾಕ್ಸ್‌ನಲ್ಲಿ ತೆರೆದು Ctrl+F11 ಒತ್ತುತ್ತಾ ಹೋಗಿ, ನಿಧಾನವಾಗುತ್ತದೆ. Ctrl+F12 ಒತ್ತಿದರೆ ಮತ್ತೆ ವೇಗ.

ಹೊಸಹೆಜ್ಜೆ: ಸರ್, ನಾನು ಆಡುತ್ತಿರುವುದಲ್ಲ, ಬರೆಯುತ್ತಿರುವುದು. ಆದರೂ ಥ್ಯಾಂಕ್ಸ್.

ಗಡಿಯಾರಮುಳ್ಳು: ರಾತ್ರಿಪಾಳಿಯವರು ಹೇಳಿದ್ದು ಅರ್ಧ ಸರಿ. 60ಕ್ಕೆ ತಡೆ ಹಾಕಿದರೆ ವೇಗದ ಯಂತ್ರ ಹತೋಟಿಗೆ ಬರುತ್ತದೆ, ಆದರೆ 30 ಫ್ರೇಮ್ ಮಾತ್ರ ಬಿಡಿಸಬಲ್ಲ ಬಡ ಯಂತ್ರದಲ್ಲಿ ಹುಡುಗ ಅರ್ಧ ವೇಗದಲ್ಲಿ ತೆವಳುತ್ತಾನೆ. ನೀವು ಬರೆದಿರುವುದು "ಪ್ರತಿ ಫ್ರೇಮಿಗೆ 5 ಪಿಕ್ಸೆಲ್". ಅದು 60ರಲ್ಲಿ ಸೆಕೆಂಡಿಗೆ 300 ಪಿಕ್ಸೆಲ್, 144ರಲ್ಲಿ 720, 30ರಲ್ಲಿ 150. ನಿಮ್ಮ ಮನಸ್ಸಿನಲ್ಲಿರುವ ವೇಗ ಸೆಕೆಂಡಿಗೆ 300 ತಾನೇ? ಹಾಗಾದರೆ ಅದನ್ನೇ ಬರೆಯಿರಿ, ಹಿಂದಿನ ಫ್ರೇಮಿನಿಂದ ಈಚೆಗೆ ಎಷ್ಟು ಹೊತ್ತು ಕಳೆಯಿತೋ ಅದರಿಂದ ಗುಣಿಸಿ:

```python
dt = clock.tick() / 1000
player.x += 300 * dt
```

`tick` ಕೊಡುವುದು ಮಿಲಿಸೆಕೆಂಡ್, ಅದಕ್ಕೇ 1000ದಿಂದ ಭಾಗಿಸಿದ್ದು. ಪ್ರತಿ ಫ್ರೇಮಿಗೆ ಒಂದೇ ಸಲ ಕರೆಯಿರಿ.

ಹೊಸಹೆಜ್ಜೆ: ಹಾಕಿದೆ. ಬಲಕ್ಕೆ ಸರಿಹೋಯಿತು. ಆದರೆ ಅಣ್ಣನ ಕಂಪ್ಯೂಟರಿನಲ್ಲಿ ಈಗ ಎಡಕ್ಕೆ ಹೋಗುವಾಗ ಮಾತ್ರ ಜೋರು! ಎರಡೂ ಕಡೆ 300 ಅಂತಲೇ ಬರೆದಿದ್ದೇನೆ, ನಾಲ್ಕು ಸಲ ನೋಡಿದೆ.

ಗಡಿಯಾರಮುಳ್ಳು: ನಿಮ್ಮ `player` ಒಂದು `Rect` ಇರಬೇಕು. ಅದರೊಳಗೆ ಪೂರ್ಣಾಂಕ ಮಾತ್ರ ಉಳಿಯುತ್ತದೆ, ದಶಮಾಂಶ ಉದುರಿಹೋಗುತ್ತದೆ. ಅಲ್ಲಿ ಒಂದು ಫ್ರೇಮಿಗೆ ಸುಮಾರು 7 ಮಿಲಿಸೆಕೆಂಡ್, ಅಂದರೆ 2.1 ಪಿಕ್ಸೆಲ್. 100ರಲ್ಲಿ ನಿಂತವನು ಬಲಕ್ಕೆ ಹೋದರೆ 102.1, ಉಳಿಯುವುದು 102. ಎಡಕ್ಕೆ ಹೋದರೆ 97.9, ಉಳಿಯುವುದು 97. ಒಂದು ಕಡೆ 2, ಇನ್ನೊಂದು ಕಡೆ 3. ಬಲಕ್ಕೂ ನಿಜವಾಗಿ ಸರಿಹೋಗಿಲ್ಲ, ಚೂರು ಕಡಿಮೆಯೇ ಇದೆ, ಕಣ್ಣಿಗೆ ಕಾಣುತ್ತಿಲ್ಲ ಅಷ್ಟೆ. ನಾನು ಇದರಲ್ಲಿ ಎರಡು ದಿನ ಕಳೆದಿದ್ದೆ, ಕೀಬೋರ್ಡ್ ಕೂಡ ಬದಲಾಯಿಸಿ ನೋಡಿದ್ದೆ. ನಿಜವಾದ ಸ್ಥಾನವನ್ನು ಬೇರೆ ಇಡಿ, ಬಿಡಿಸುವುದಕ್ಕೆ ಮಾತ್ರ `Rect`ಗೆ ಕೊಡಿ:

```python
pos_x += 300 * dt
player.x = round(pos_x)
```

ಪರೀಕ್ಷಿಸಲು ಅಣ್ಣನ ಕಂಪ್ಯೂಟರ್ ಬೇಕಿಲ್ಲ. ನಿಮ್ಮದರಲ್ಲೇ ಒಮ್ಮೆ `tick(30)`, ಒಮ್ಮೆ `tick(60)` ಹಾಕಿ, 1200 ಪಿಕ್ಸೆಲ್ ದಾಟಲು ಎಷ್ಟು ಹೊತ್ತಾಗುತ್ತದೆ ಎಂದು ಎರಡೂ ದಿಕ್ಕಿನಲ್ಲಿ ಅಳೆಯಿರಿ. ನಾಲ್ಕೂ ಸಲ 4 ಸೆಕೆಂಡ್ ಬರಬೇಕು.

ಮೆಟ್ಟಿಲುಜಿಗಿತ: ಜಿಗಿತ ಇದ್ದರೆ ಅಷ್ಟಕ್ಕೇ ನಿಲ್ಲಬೇಡಿ. ಮೇಲಕ್ಕೆ 600, ಗುರುತ್ವ 1800 ಇಟ್ಟುಕೊಂಡು, ಪ್ರತಿ ಫ್ರೇಮಿನಲ್ಲಿ ಮೊದಲು ವೇಗ ತಗ್ಗಿಸಿ ಆಮೇಲೆ ಸ್ಥಾನ ಬದಲಿಸಿದೆ. ಎಲ್ಲವನ್ನೂ `dt`ಯಿಂದ ಗುಣಿಸಿದ ಮೇಲೂ 30ರಲ್ಲಿ 90 ಪಿಕ್ಸೆಲ್ ಹಾರಿದ, 60ರಲ್ಲಿ 95, 144ರಲ್ಲಿ ಸುಮಾರು 98. ನನ್ನ ಕಟ್ಟೆ 96 ಎತ್ತರದಲ್ಲಿತ್ತು. ಒಳ್ಳೆಯ ಕಂಪ್ಯೂಟರ್ ಇದ್ದವರು ಮಾತ್ರ ಹತ್ತಿದರು. ಸ್ಥಾನ ಬದಲಿಸುವಾಗ ಹಳೆಯ ವೇಗ, ಹೊಸ ವೇಗ ಎರಡರ ಸರಾಸರಿ ತೆಗೆದುಕೊಂಡೆ. ಈಗ ಎಲ್ಲೆಡೆ ಸುಮಾರು 100.

ಗಡಿಯಾರಮುಳ್ಳು: ಗುರುತ್ವ ಬದಲಾಗದಿದ್ದರೆ ಅದು ಸಾಕು. ಗಾಳಿಯ ಎಳೆತ, ಸ್ಪ್ರಿಂಗು ಸೇರಿದರೆ ಮತ್ತೆ ವ್ಯತ್ಯಾಸ ಬರುತ್ತದೆ. ನಾನಾದರೆ ಚಲನೆಯ ಲೆಕ್ಕವನ್ನು 1/60 ಸೆಕೆಂಡಿನ ಸಮ ತುಂಡುಗಳಲ್ಲೇ ಮಾಡುತ್ತೇನೆ, ಪರದೆ ಎಷ್ಟು ಸಲ ಬೇಕಾದರೂ ಬಿಡಿಸಿಕೊಳ್ಳಲಿ.

ಮೆಟ್ಟಿಲುಜಿಗಿತ: ಮಾಡಿ ನೋಡಿದ್ದೆ. 144ರ ಪರದೆಯಲ್ಲಿ ನಡಿಗೆ ತಡವರಿಸಿದಂತೆ ಕಂಡಿತು.

ಗಡಿಯಾರಮುಳ್ಳು: ಹಿಂದಿನ ಮತ್ತು ಈಗಿನ ತುಂಡಿನ ಸ್ಥಾನಗಳ ನಡುವೆ ಬಿಡಿಸಬೇಕು, ಆಗ ತಡವರಿಕೆ ಹೋಗುತ್ತದೆ.

ಮೆಟ್ಟಿಲುಜಿಗಿತ: ಹೋಗುತ್ತದೆ, ಆದರೆ ಕೀ ಒತ್ತಿದ್ದು ಒಂದು ತುಂಡಿನಷ್ಟು ತಡವಾಗಿ ಕಾಣುತ್ತದೆ. ಜಿಗಿತದ ಗೇಮಿನಲ್ಲಿ ಅದು ನನ್ನ ಕೈಗೆ ಗೊತ್ತಾಗುತ್ತದೆ.

ರಾತ್ರಿಪಾಳಿ: ನನ್ನ ಹಳೆಯ ಗೇಮನ್ನು `tick(30)`ನಲ್ಲಿ ಓಡಿಸಿದೆ. ನಿಜ, ಅರ್ಧ ವೇಗ.

ಹೊಸಹೆಜ್ಜೆ: `pos_x` ಹಾಕಿ ಅಳೆದೆ, ಎಡಕ್ಕೂ ಬಲಕ್ಕೂ 4 ಸೆಕೆಂಡ್. ಇನ್ನೊಂದು ಸಂಗತಿ: ಕಿಟಕಿಯನ್ನು ಮೌಸಿನಿಂದ ಎಳೆದು ಬಿಟ್ಟರೆ ಹುಡುಗ ಗೋಡೆಯಾಚೆ ಹೋಗಿರುತ್ತಾನೆ.

ಗಡಿಯಾರಮುಳ್ಳು: ಎಳೆಯುವಾಗ ಲೂಪ್ ನಿಂತಿರುತ್ತದೆ, ಬಿಟ್ಟಾಗ `dt` ಅರ್ಧ ಸೆಕೆಂಡ್ ಆಗಿದ್ದರೂ 150 ಪಿಕ್ಸೆಲ್ ಒಂದೇ ನೆಗೆತ. `dt = min(dt, 0.05)` ಹಾಕಿ. ಅದಕ್ಕಿಂತ ನಿಧಾನದ ಯಂತ್ರದಲ್ಲಿ, ಅಂದರೆ 20 ಎಫ್‌ಪಿಎಸ್‌ಗಿಂತ ಕೆಳಗೆ, ಗೇಮ್ ನಿಧಾನವಾಗುತ್ತದೆ. ಗೋಡೆ ದಾಟುವುದಕ್ಕಿಂತ ಅದು ವಾಸಿ.