ಹಬ್ಬದಲ್ಲಿ ಜನ ಸಾಲಲ್ಲ, ಆಮೇಲೆ ಕೆಲಸವೇ ಇರಲ್ಲ: 20 ರೂಮಿನ ಹೋಟೆಲ್‌ಗೆ ಲೆಕ್ಕ ಹೇಗೆ?

ಕೇಳಿದವರು: 20 ರೂಮಿನ ಸಣ್ಣ ಹೋಟೆಲ್ ನಡೆಸ್ತೀನಿ. ಹಬ್ಬದ ಹತ್ತು ದಿನ ಫುಲ್, ಆಮೇಲೆ ಒಂದೂವರೆ ತಿಂಗಳು ನಾಲ್ಕೈದು ರೂಮಿಗಿಂತ ಹೆಚ್ಚು ಹೋಗಲ್ಲ. ಕಾಯಂ ಕ್ಲೀನಿಂಗ್‌ಗೆ ಇಬ್ಬರಿದ್ದಾರೆ. ಕಳೆದ ವರ್ಷ ಹಬ್ಬಕ್ಕೆ ಅಂತ ಇನ್ನೂ ನಾಲ್ಕು ಜನರನ್ನ ಹತ್ತೂ ದಿನಕ್ಕೆ ತಗೊಂಡೆ. ಬಹಳ ದಿನ ಸುಮ್ಮನೆ ಕೂತಿದ್ದರು. ಆದರೂ ಒಂದು ದಿನ ಸಂಜೆ ನಾಲ್ಕಾದರೂ ಬಂದವರಿಗೆ ರೂಮ್ ಕೊಡಕ್ಕಾಗಲಿಲ್ಲ. ಜನ, ಸಾಮಾನು ಎರಡನ್ನೂ ನೀವು ಹೇಗೆ ಲೆಕ್ಕ ಹಾಕ್ತೀರಿ?

ಅಡುಗೆಮನೆಯವ: ನಮ್ಮದು ಇಪ್ಪತ್ತೈದು ವರ್ಷದ ಹೋಟೆಲ್. ಒಂದೇ ಮಾತು: ಕೊಳೆಯೋ ಸಾಮಾನನ್ನ ಹಬ್ಬಕ್ಕೆ ಅಂತ ಒಟ್ಟಿಗೆ ತರಿಸಬೇಡಿ. ಮೂರು ಕಂತು ಮಾಡಿ, ಎರಡನೇ ಕಂತನ್ನ ಮೊದಲ ದಿನದ ಮಾರಾಟ ನೋಡಿ ಹೇಳಿ. ಕೊನೇ ದಿನ ಸಂಜೆ ಸ್ಟೋರ್ ಖಾಲಿ ಆದರೆ ಬೇಜಾರಿಲ್ಲ, ತುಂಬಿದ್ದರೆ ಬೇಜಾರು. ಬಡಿಸೋರು ಮಾತ್ರ ಇಬ್ಬರು ಹೆಚ್ಚಿಗೆ ಇರಲಿ.

ಕೇಳಿದವರು: ಸರ್, ನಮ್ಮದು ಊಟದ ಹೋಟೆಲ್ ಅಲ್ಲ, ಉಳಿಯೋ ಹೋಟೆಲ್ 🙂 ಬೆಳಗಿನ ತಿಂಡಿ ಮಾತ್ರ ಕೊಡ್ತೀವಿ. ಕಂತಿನ ಮಾತು ಅದಕ್ಕೆ ಉಪಯೋಗಕ್ಕೆ ಬರುತ್ತೆ.

ಕೌಂಟರ್ ಹಿಂದೆ: ಅಷ್ಟೊಂದು ತಲೆ ಕೆಡಿಸ್ಕೋಬೇಡಿ. ಹೋದ ವರ್ಷದ ರಿಜಿಸ್ಟರ್ ತೆಗೀರಿ, ಅದೇ ತಾರೀಖಿನ ಲೆಕ್ಕಕ್ಕೆ ಸ್ವಲ್ಪ ಮೇಲೆ ಸೇರಿಸಿ, ಅಷ್ಟು ಜನ ಅಷ್ಟು ಸಾಮಾನು. ನಾನು ಸೋಪು, ಶಾಂಪೂ, ಕ್ಲೀನಿಂಗ್ ದ್ರಾವಣ ಎಲ್ಲ ಎರಡು ತಿಂಗಳು ಮುಂಚೆನೇ ತುಂಬಿಸಿಡ್ತೀನಿ.

ಮೇಲ್ಮಹಡಿ: ರಿಜಿಸ್ಟರ್ ತೆಗೆಯೋದು ಸರಿ, ತಾರೀಖು ನೋಡೋದು ತಪ್ಪು. ಹಬ್ಬ ವರ್ಷಕ್ಕೊಂದು ತಾರೀಖಿಗೆ ಜರುಗುತ್ತೆ. ಹಬ್ಬಕ್ಕೆ ಎರಡು ದಿನ ಮುಂಚೆ, ಹಬ್ಬದ ದಿನ, ಮಾರನೇ ದಿನ ಅಂತ ಜೋಡಿಸಿ ನೋಡಬೇಕು. ಅದರ ಜೊತೆ ವಾರ ಯಾವುದು ಅಂತಲೂ ನೋಡಬೇಕು. ಹಬ್ಬ ವಾರದ ನಡುವೆ ಬಿದ್ದರೆ ಜನ ಒಂದು ರಾತ್ರಿ ಉಳಿದು ಹೋಗ್ತಾರೆ, ರಜೆಗೆ ಅಂಟಿಕೊಂಡು ಬಂದರೆ ಮೂರು ರಾತ್ರಿ.

ಈಗ ನಿಮ್ಮ ನಾಲ್ಕು ಗಂಟೆಯ ವಿಷಯಕ್ಕೆ ಬರ್ತೀನಿ. ನೀವು ತುಂಬಿದ ರೂಮು ಎಣಿಸಿ ಜನ ಹಾಕಿದ್ದೀರಿ. ಎಣಿಸಬೇಕಾದ್ದು ಚೆಕ್‌ಔಟ್. ಅತಿಥಿ ಇನ್ನೂ ಇರೋ ರೂಮಿಗೆ ಹಾಸಿಗೆ ಸರಿಮಾಡಿ, ಬಾತ್‌ರೂಮ್ ಒರೆಸಿ, ಕಸ ತೆಗೆದು ಬರೋಕೆ ನಮ್ಮಲ್ಲಿ 15 ನಿಮಿಷ. ಖಾಲಿ ಮಾಡಿದ ರೂಮನ್ನ ಹೊಸಬರಿಗೆ ತಯಾರು ಮಾಡೋಕೆ 35. ಇಪ್ಪತ್ತೂ ರೂಮಲ್ಲಿ ಜನ ಇದ್ದು ಯಾರೂ ಹೋಗದ ದಿನ ಕೆಲಸ 300 ನಿಮಿಷ, ನಿಮ್ಮ ಇಬ್ಬರಿಗೆ ಮಧ್ಯಾಹ್ನದೊಳಗೆ ಮುಗಿಯುತ್ತೆ. ಅವತ್ತೇ ನಿಮ್ಮ ನಾಲ್ಕು ಜನ ಸುಮ್ಮನೆ ಕೂತಿದ್ದು.

ಇಪ್ಪತ್ತೂ ಒಂದೇ ದಿನ ಖಾಲಿಯಾಗಿ ಮತ್ತೆ ತುಂಬೋ ದಿನ ಕೆಲಸ 700 ನಿಮಿಷ. ದಿನದ ಲೆಕ್ಕದಲ್ಲಿ ಇಬ್ಬರು ಸಾಕು ಅನಿಸುತ್ತೆ. ಆದರೆ ಹಳಬರು ಹನ್ನೊಂದಕ್ಕೆ ಹೋಗ್ತಾರೆ, ಹೊಸಬರು ಎರಡಕ್ಕೆ ಬರ್ತಾರೆ. ಕೈಯಲ್ಲಿರೋದು 180 ನಿಮಿಷ. 700ನ್ನ 180ರಿಂದ ಭಾಗಿಸಿದರೆ ನಾಲ್ಕು ಜನ. ಅಂದರೆ ನಿಮ್ಮ ಇಬ್ಬರ ಜೊತೆ ಇನ್ನಿಬ್ಬರು ಬೇಕು, ಅದೂ ಆ ಮೂರು ಮೂರೂವರೆ ತಾಸಿಗೆ, ರೂಮು ಬದಲಾಗೋ ದಿನಗಳಿಗೆ ಮಾತ್ರ. ನಿಮ್ಮ ಕೆಲಸಗಾರರಿಗೆ 35 ಹಿಡಿಯುತ್ತೋ 45 ಹಿಡಿಯುತ್ತೋ, ಗಡಿಯಾರ ಹಿಡಿದು ನೋಡಿಕೊಳ್ಳಿ.

ಒಂದು ರಾತ್ರಿಯ ಬುಕಿಂಗ್ ಹಬ್ಬದ ನಡುವೆ ತಗೋಬೇಡಿ. ಎರಡು ರಾತ್ರಿ ಅಂತ ಕಡ್ಡಾಯ ಮಾಡಿದರೆ ಚೆಕ್‌ಔಟ್ ಎಷ್ಟೋ ಇಳಿಯುತ್ತೆ, ಜನ ಹುಡುಕೋ ಕಷ್ಟನೂ ಇಳಿಯುತ್ತೆ.

ಕೇಳಿದವರು: ಆದರೆ ಅವತ್ತು ಆರು ಜನ ಇದ್ದರಲ್ಲ! ಆದರೂ ನಾಲ್ಕು ಗಂಟೆ ಆಯ್ತು.

ಮೇಲ್ಮಹಡಿ: ಹಾಗಾದರೆ ತಡ ಆಗಿದ್ದು ಜನಕ್ಕಲ್ಲ, ಬೆಡ್‌ಶೀಟಿಗೆ. ಎಷ್ಟು ಜೊತೆ ಇದೆ? ಲಾಂಡ್ರಿಯಿಂದ ಎಷ್ಟು ದಿನಕ್ಕೆ ವಾಪಸ್ ಬರುತ್ತೆ?

ಕೇಳಿದವರು: 50 ಜೊತೆ. ಮಾಮೂಲಿ ದಿನ ಮಾರನೇ ಸಂಜೆಗೆ ಬರುತ್ತೆ. ಹಬ್ಬದಲ್ಲಿ ಅವರೂ ತಡ ಮಾಡಿದರು, ಎರಡು ದಿನ ಆಯ್ತು. ನಾಲ್ಕನೇ ದಿನ ಇಪ್ಪತ್ತು ರೂಮು ಬದಲಾಯ್ತು, ಐದನೇ ದಿನ ಹನ್ನೆರಡು, ಆರನೇ ದಿನ ಎಂಟು.

ಮೇಲ್ಮಹಡಿ: ಎಣಿಸಿ ನೋಡಿ. ಐದನೇ ದಿನ: ಹಾಸಿಗೆ ಮೇಲೆ 20 ಇರಲೇಬೇಕು, ನಾಲ್ಕನೇ ದಿನ ತೆಗೆದ 20 ಲಾಂಡ್ರಿಯಲ್ಲಿ, ಅವತ್ತು ತೆಗೆದ 12 ಮೂಟೆಯಲ್ಲಿ. 52 ಆಯ್ತು, ಎರಡು ಕಮ್ಮಿ. ಆರನೇ ದಿನ ಇನ್ನೆಂಟು ಸೇರಿ 60, ಹತ್ತು ಕಮ್ಮಿ. ನಾಲ್ಕನೇ ದಿನದ ಮೂಟೆ ಬರೋದೇ ಆರನೇ ದಿನ ಸಂಜೆ. ನಿಮಗೆ ತೊಂದರೆ ಆಗಿದ್ದು ಆರನೇ ದಿನ ಅಲ್ವಾ?

ಕೇಳಿದವರು: ಹೌದು, ಅವತ್ತೇ. ಐದನೇ ದಿನ ಎರಡು ರೂಮಿಗೆ ಹಳೇ ಶೀಟು ಹಾಕಿ ಹೇಗೋ ಸುಧಾರಿಸಿದ್ದೆ. ಹುಡುಗರು ಕೆಲಸ ಮಾಡದೆ ನಿಂತಿದ್ದಾರೆ ಅಂತ ಅವರನ್ನೇ ಬೈದೆ.

ಮೇಲ್ಮಹಡಿ: ಎಲ್ಲರೂ ಮಾಡೋದೇ. ಹಾಗಾಗಿ ರೂಮಿಗೆ ಮೂರು ಜೊತೆ ಅನ್ನೋದು ಲಾಂಡ್ರಿ ಎರಡು ದಿನ ತಗೊಂಡರೆ ಬರೀ ಅಂಚಿನ ಲೆಕ್ಕ, ಕಲೆಗೆ ಹರುಕಿಗೆ ಅಂತ ನಾಲ್ಕೈದು ಜೊತೆ ಮೇಲಿರಬೇಕು. ದಿನಾ ರಾತ್ರಿ ಬೀರು ತೆಗೆದು ಎಣಿಸಿ. ನಾಳೆಯ ಚೆಕ್‌ಔಟಿಗಿಂತ ಬೀರುವಿನಲ್ಲಿರೋದು ಕಮ್ಮಿ ಇದ್ದರೆ ಅವತ್ತು ರಾತ್ರಿಯೇ ಲಾಂಡ್ರಿಗೆ ಫೋನ್ ಹೋಗಬೇಕು, ಬೆಳಿಗ್ಗೆ ಅಲ್ಲ. ಟವಲಿಗೆ ಇನ್ನೂ ಬಿಗಿ, ಅದು ದಿನಾ ಬದಲಾಗುತ್ತೆ.

ಕೌಂಟರ್ ಹಿಂದೆ ಅವರೇ, ಸೋಪು ತುಂಬಿಸಿಡಿ, ಕೆಡಲ್ಲ. ಬ್ಲೀಚಿಂಗ್ ದ್ರಾವಣ ಮಾತ್ರ ತುಂಬಿಸಿಡಬೇಡಿ, ಸೆಕೆಯಲ್ಲಿ ಇಟ್ಟಷ್ಟೂ ಅದರ ಶಕ್ತಿ ಇಳಿಯುತ್ತೆ. ನೀರು ಬೆರೆಸಿದ್ದು ಅಂದಂದಿಗೇ ಖರ್ಚಾಗಬೇಕು. ಸೋಪನ್ನೂ ರೂಮಿನ ಲೆಕ್ಕದಲ್ಲಿ ತರಬೇಡಿ, ತಲೆ ಲೆಕ್ಕದಲ್ಲಿ ತನ್ನಿ. ಹಬ್ಬದಲ್ಲಿ ಒಂದೇ ರೂಮಿಗೆ ನಾಲ್ಕು ಜನ ಬರ್ತಾರೆ.

ಕೌಂಟರ್ ಹಿಂದೆ: ಬ್ಲೀಚಿಂಗ್ ವಿಷಯ ಗೊತ್ತಿರಲಿಲ್ಲ. ತಲೆ ಲೆಕ್ಕ ಬೇಡ ಮಾರಾಯ್ರೆ, ಅಷ್ಟು ಬರೆಯೋರು ಯಾರು.

ಬಕೆಟ್ ಹಿಡಿದವಳು: ನಾನು ಹನ್ನೊಂದು ವರ್ಷ ರೂಮ್ ಕ್ಲೀನ್ ಮಾಡಿದವಳು. ಒಂದು ಮಾತು ಯಾರೂ ಹೇಳಲಿಲ್ಲ: ಹಬ್ಬ ನಮಗೂ ಇರುತ್ತೆ. ರಜೆ ಕೇಳಿದರೆ ಕೊಡಲ್ಲ ಅಂತ ಗೊತ್ತಿದ್ದವರು ಕೇಳೋದೇ ಇಲ್ಲ, ಆ ದಿನ ಬರೋದಿಲ್ಲ ಅಷ್ಟೇ. ನಮ್ಮ ಹಳೇ ಸೂಪರ್‌ವೈಸರ್ ಒಂದು ತಿಂಗಳು ಮುಂಚೆನೇ ಕೂರಿಸಿ ಕೇಳ್ತಿದ್ದರು. ಯಾರೂ ಖಾಲಿ ಮಾಡದ ದಿನ ಒಬ್ಬರೊಬ್ಬರಾಗಿ ರಜೆ, ಬದಲಾವಣೆ ದಿನ ಎಲ್ಲರೂ ಬರಬೇಕು. ಯಾರೂ ಕೈ ಕೊಡಲಿಲ್ಲ.

ಖಾಲಿ ವಾರಗಳಲ್ಲಿ ಒಂದು ಮಹಡಿ ಬೀಗ ಹಾಕ್ತಾರಲ್ಲ, ಅದು ಒಳ್ಳೇದೇ, ಆದರೆ ಬೀಗ ಹಾಕಿ ಮರೆತರೆ ಬಾತ್‌ರೂಮಿನ ಜಾಲರಿ ಕೆಳಗೆ ನಿಲ್ಲೋ ನೀರು ಒಣಗಿ ಚರಂಡಿ ವಾಸನೆ ಮೇಲೆ ಬರುತ್ತೆ. ಹಾಸಿಗೆಗೆ ಹಿಡಿದರೆ ಅದು ಹೋಗಲ್ಲ. ವಾರಕ್ಕೊಮ್ಮೆಯಾದರೂ ಎಲ್ಲ ನಲ್ಲಿ, ಶವರ್ ಕೆಲ ನಿಮಿಷ ಬಿಡಬೇಕು, ಫ್ಲಶ್ ಮಾಡಬೇಕು. ಪೈಪಲ್ಲಿ ನಿಂತ ನೀರಲ್ಲಿ ರೋಗದ ಕ್ರಿಮಿ ಬೆಳೆಯುತ್ತೆ, ಶವರ್ ಹನಿಯ ಜೊತೆ ಅದು ಶ್ವಾಸಕೋಶಕ್ಕೆ ಹೋಗಬಹುದು. ನೀರು ಬಿಟ್ಟು ಬಂದವರು ಬಾಗಿಲ ಹಿಂದಿನ ಚೀಟಿಯಲ್ಲಿ ತಾರೀಖು ಬರೆಯಲಿ.

ಕೌಂಟರ್ ಹಿಂದೆ: ಖಾಲಿ ತಿಂಗಳಲ್ಲಿ ಇಬ್ಬರಿಗೂ ಪೂರ್ತಿ ಸಂಬಳ ಯಾಕೆ? ನಾನು ಒಬ್ಬರನ್ನ ಕಳಿಸಿಬಿಡ್ತೀನಿ, ಹಬ್ಬಕ್ಕೆ ಮತ್ತೆ ಕರೀತೀನಿ.

ಬಕೆಟ್ ಹಿಡಿದವಳು: ಬರ್ತಾರಾ?

ಕೌಂಟರ್ ಹಿಂದೆ: ಅರ್ಧ ಜನ ಬರ್ತಾರೆ.

ಮೇಲ್ಮಹಡಿ: ನಾನು ಕಳಿಸಲ್ಲ. ಹೊಸಬರು 35 ನಿಮಿಷಕ್ಕೆ ಬರೋಕೆ ಎರಡು ಮೂರು ವಾರ ಬೇಕು. ಪರದೆ ಒಗೆಸೋದು, ಹಾಸಿಗೆ ತಿರುಗಿಸಿ ಹಾಕೋದು, ಬಾಕಿ ರಜೆ ಕೊಡೋದು ಎಲ್ಲ ಆ ವಾರಗಳಿಗೇ ಇಟ್ಟಿರ್ತೀನಿ. ಆದರೂ ಆರು ವಾರಕ್ಕೆ ಅಷ್ಟು ಕೆಲಸ ಆಗಲ್ಲ, ಒಪ್ಪಿಕೊಳ್ತೀನಿ. ಎರಡು ವಾರ ನಷ್ಟದಲ್ಲೇ ಹೋಗುತ್ತೆ.

ಕೇಳಿದವರು: ಸಂಬಳದ ವಿಷಯ ಇನ್ನೂ ತೀರ್ಮಾನ ಮಾಡಿಲ್ಲ. ಬೀರು ತೆಗೆದು ಎಣಿಸಿ ಬಂದೆ. 50 ಅಂದಿದ್ದೆನಲ್ಲ, 44 ಇದೆ. ಅದರಲ್ಲಿ ಮೂರು ಹರಿದಿವೆ.